ಸಣಕಲು ಮೈಗೆ ತೂಕ: ಮನೆಯೂಟದಲ್ಲೇ ದಿನಕ್ಕೆ 400 ಕ್ಯಾಲೊರಿ ಹೆಚ್ಚಿಸಿಕೊಳ್ಳುವ ಕ್ರಮ

"ಹೊಟ್ಟೆ ತುಂಬಾ ತಿಂತೀನಿ ಸಾರ್, ಆದ್ರೂ ಮೈ ಹತ್ತಲ್ಲ." ತೂಕದ ಬಗ್ಗೆ ಬರೆದಾಗಲೆಲ್ಲ ಹುಡುಗರಿಂದ ಬರುವ ಪ್ರಶ್ನೆ ಇದೇ. ಏನೇನು ಮಾಡಿದಿರಿ ಎಂದು ಕೇಳಿದರೆ ಉತ್ತರವೂ ಹೆಚ್ಚು ಕಡಿಮೆ ಒಂದೇ. ಬೆಳಿಗ್ಗೆ ಹಾಲು-ಬಾಳೆಹಣ್ಣು, ಮಧ್ಯಾಹ್ನ ಒಂದು ಸೌಟು ಅನ್ನ ಜಾಸ್ತಿ, ಒಂದು ತಿಂಗಳು ಜಿಮ್ಮು, ಆಮೇಲೆ ಬೇಸರ.

ಇವರು ತಿಂದಿಲ್ಲ ಎಂದಲ್ಲ. ಬೆಳಿಗ್ಗೆ ಹೆಚ್ಚಿಗೆ ತಿಂದದ್ದನ್ನು ಮಧ್ಯಾಹ್ನ ಗೊತ್ತಿಲ್ಲದೆ ಕಡಿಮೆ ತಿಂದು ಸರಿದೂಗಿಸಿಬಿಟ್ಟಿದ್ದಾರೆ. ಹಸಿವು ಕಡಿಮೆ ಇರುವ ಮೈಯ ಸ್ವಭಾವವೇ ಅದು. ಹೀಗಾಗಿ ತಟ್ಟೆಯನ್ನು ದೊಡ್ಡದು ಮಾಡುವ ದಾರಿ ಇವರಿಗೆ ಹಿಡಿಯುವುದಿಲ್ಲ. ಅಷ್ಟೇ ತಟ್ಟೆಯಲ್ಲಿ ಹೆಚ್ಚು ಶಕ್ತಿ ತುಂಬಬೇಕು, ಅದನ್ನು ಲೆಕ್ಕ ಇಟ್ಟು ತುಂಬಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಬಿಟ್ಟು ಐದನೆಯದಕ್ಕೆ ಹಾರಿದರೆ ಮತ್ತೆ ಹಾಲು-ಬಾಳೆಹಣ್ಣಿಗೇ ಬಂದು ನಿಲ್ಲುತ್ತೀರಿ.

ಉದಾಹರಣೆಗೆ ಒಬ್ಬ ಹುಡುಗನನ್ನು ಇಟ್ಟುಕೊಳ್ಳೋಣ. ತುಮಕೂರಿನ ಕಡೆಯವನು, 22 ವರ್ಷ, ಎತ್ತರ 172 ಸೆಂ.ಮೀ., ತೂಕ 52 ಕೆಜಿ. ಮನೆಯಲ್ಲಿ ನಾಲ್ಕು ಜನ. ಮಧ್ಯಾಹ್ನ ಅನ್ನ-ಸಾಂಬಾರು, ರಾತ್ರಿ ಮುದ್ದೆ. ಮೊಟ್ಟೆ ತಿನ್ನುತ್ತಾನೆ, ಮಾಂಸ ಹಬ್ಬಕ್ಕೋ ಭಾನುವಾರಕ್ಕೋ.

## ಹಂತ 1: ಕಾಯಿಲೆ ಇಲ್ಲ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ

ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ನಮ್ಮ ಹುಡುಗನದು 52 ÷ 1.72 ÷ 1.72, ಅಂದರೆ 17.6. 18.5ಕ್ಕಿಂತ ಕಡಿಮೆ ಇದ್ದರೆ ತೂಕ ಕಡಿಮೆ ಎಂದು ಅರ್ಥ. ಇವನು 60 ಕೆಜಿಗೆ ಬಂದರೆ ಬಿಎಂಐ 20 ದಾಟುತ್ತದೆ. ಸದ್ಯಕ್ಕೆ ಅದೇ ಗುರಿ.

ಇಲ್ಲಿ ಒಂದು ಗೆರೆ ಎಳೆಯಬೇಕು. ಬಿಎಂಐ 16ಕ್ಕಿಂತ ಕೆಳಗಿದ್ದರೆ, ಅಥವಾ ಜ್ವರವೋ ಇನ್ನೇನೋ ಆಗಿ ಹಲವು ದಿನ ಊಟವೇ ಸೇರದೆ ಇದ್ದರೆ, ಈ ಲೇಖನ ಓದಿ ತಿನ್ನಲು ಶುರು ಮಾಡಬೇಡಿ. ಬಹಳ ಸೊರಗಿದ ಮೈಗೆ ಒಮ್ಮೆಲೇ ಊಟ ಹೆಚ್ಚಿಸಿದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ಏರುಪೇರಾಗಬಹುದು. ಅಂಥವರು ಡಾಕ್ಟರ ಕಣ್ಗಾವಲಿನಲ್ಲೇ ಊಟ ಹೆಚ್ಚಿಸಿಕೊಳ್ಳಬೇಕು.

ಚಿಕ್ಕಂದಿನಿಂದ ಸಣ್ಣಗೇ ಇರುವವನು ಬೇರೆ, ಇತ್ತೀಚೆಗೆ ಸಣ್ಣಗಾದವನು ಬೇರೆ. ಕಳೆದ ಆರು ತಿಂಗಳಲ್ಲಿ ನೀವು ಪ್ರಯತ್ನಪಡದೆ ಮೂರು ನಾಲ್ಕು ಕೆಜಿ ಇಳಿದಿದ್ದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಹೊತ್ತಿನ ಜ್ವರ, ರಾತ್ರಿ ಬೆವರು ಇದ್ದರೆ ಕ್ಷಯದ ಪರೀಕ್ಷೆ ಆಗಬೇಕು. ಅದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕೈ ನಡುಗುವುದು, ಎದೆ ಡವಡವ ಎನ್ನುವುದು, ಸೆಕೆ ತಡೆಯಲಾಗದಿರುವುದು ಥೈರಾಯ್ಡ್ ಹೆಚ್ಚಾಗಿರುವ ಲಕ್ಷಣ ಇರಬಹುದು. ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಸಕ್ಕರೆ ನೋಡಿಸಬೇಕು. ತಿಂಗಳುಗಟ್ಟಲೆ ಭೇದಿ, ಮಲದಲ್ಲಿ ರಕ್ತ ಕೂಡ ಹಾಗೇ ಬಿಡುವಂಥದ್ದಲ್ಲ. ಇವು ಯಾವುವೂ ಇಲ್ಲದಿದ್ದರೂ ಒಮ್ಮೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಮೂರನ್ನು ನೋಡಿಸಿಕೊಂಡು ಮುಂದುವರಿಯುವುದು ಒಳ್ಳೆಯದು.

## ಹಂತ 2: ತಕ್ಕಡಿ ತನ್ನಿ, ಮೂರು ದಿನ ಬರೆಯಿರಿ

ಬೇಕಾದ ಸಾಮಾನು ಕಡಿಮೆ. ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ, ಮೈತೂಕ ನೋಡುವ ಮಷೀನು, 5 ಮಿ.ಲೀ. ಅಳತೆ ಚಮಚ, ದರ್ಜಿಯವರ ಟೇಪು, ಒಂದು ನೋಟ್‌ಬುಕ್. ಪ್ರೋಟೀನ್ ಪುಡಿ ಈ ಪಟ್ಟಿಯಲ್ಲಿಲ್ಲ. ಅದರ ದುಡ್ಡಿನಲ್ಲಿ ಕಾಲು ಭಾಗಕ್ಕೆ ತಕ್ಕಡಿಯೇ ಬರುತ್ತದೆ.

ಮೂರು ದಿನ, ಅದರಲ್ಲಿ ಒಂದು ಭಾನುವಾರ ಇರಲಿ, ಎಂದಿನಂತೆ ತಿನ್ನಿ. ಏನನ್ನೂ ಹೆಚ್ಚಿಸಬೇಡಿ. ತಿಂದದ್ದನ್ನೆಲ್ಲ ತೂಗಿ ಬರೆಯಿರಿ. ಅತಿ ಹೆಚ್ಚು ಜನ ಎಡವುವುದು ಇಲ್ಲಿ, ಅದೂ ಅನ್ನದ ವಿಷಯದಲ್ಲಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದೆ. ಆದರೆ ಅದು ಬೆಂದು ನೀರು ಕುಡಿದು 300 ಗ್ರಾಂ ಅನ್ನ ಆಗುತ್ತದೆ. ತಟ್ಟೆಯ ಅನ್ನ ತೂಗಿ, ಅಕ್ಕಿಯ ಲೆಕ್ಕ ಹಾಕಿದರೆ ತಿಂದದ್ದಕ್ಕಿಂತ ಮೂರು ಪಟ್ಟು ತಿಂದಂತೆ ಕಾಣುತ್ತದೆ. "ದಿನಕ್ಕೆ ಮೂರೂವರೆ ಸಾವಿರ ತಿಂತಿದೀನಿ" ಎನ್ನುವವರ ಗುಟ್ಟು ಬಹುಪಾಲು ಇದೇ.

ನಾಲ್ಕು ಜನಕ್ಕೆ ಒಟ್ಟಿಗೆ ಬೇಯುವ ಮನೆಯಲ್ಲಿ ಹೀಗೆ ಮಾಡಿ. ಕುಕ್ಕರಿಗೆ ಹಾಕುವ ಮೊದಲು ಅಕ್ಕಿ ತೂಗಿ, 400 ಗ್ರಾಂ ಎಂದುಕೊಳ್ಳಿ. ಬೆಂದ ಮೇಲೆ ಅನ್ನವನ್ನು ಪಾತ್ರೆಗೆ ತೆಗೆದು ತೂಗಿ, ಪಾತ್ರೆಯ ತೂಕ ಕಳೆಯಿರಿ, 1,200 ಗ್ರಾಂ ಬಂತು. ನಿಮ್ಮ ಖಾಲಿ ಸ್ಟೀಲ್ ತಟ್ಟೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅನ್ನ ಬಡಿಸಿಕೊಳ್ಳಿ. 450 ತೋರಿಸಿದರೆ ನೀವು ತಿಂದದ್ದು 150 ಗ್ರಾಂ ಅಕ್ಕಿ. ಒಂದೆರಡು ದಿನ ಮಾಡಿದರೆ ನಿಮ್ಮ ಮನೆಯ ಅಕ್ಕಿ ಎಷ್ಟು ಪಟ್ಟು ಉಬ್ಬುತ್ತದೆ ಎಂದು ಗೊತ್ತಾಗುತ್ತದೆ. ಆಮೇಲೆ ತಟ್ಟೆ ತೂಗಿದರೆ ಸಾಕು. ಮುದ್ದೆಯನ್ನಂತೂ ತೂಗುವುದೇ ಬೇಡ, ಎಷ್ಟು ಹಿಟ್ಟಿಗೆ ಎಷ್ಟು ಮುದ್ದೆ ಕಟ್ಟಿದರು ಎಂದು ಕೇಳಿಕೊಂಡರೆ ಆಯಿತು.

ಸಾಂಬಾರಿನ ಲೆಕ್ಕ ಬೇಳೆಯಿಂದ. ನಾಲ್ಕು ಜನಕ್ಕೆ 80 ಗ್ರಾಂ ತೊಗರಿಬೇಳೆ ಹಾಕಿದರೆ ನಿಮ್ಮ ಪಾಲು 20 ಗ್ರಾಂ. ಅದರಲ್ಲಿ ಪ್ರೋಟೀನ್ ಬರೀ ನಾಲ್ಕು ಗ್ರಾಂ ಚಿಲ್ಲರೆ. ತಿಳಿಸಾರಾದರೆ ಅದೂ ಇಲ್ಲ. "ದಿನಾ ಬೇಳೆ ತಿಂತೀನಲ್ಲ" ಎಂಬ ನಂಬಿಕೆ ಇಲ್ಲಿ ಒಡೆಯುತ್ತದೆ.

ಎಣ್ಣೆಯನ್ನು ಒಗ್ಗರಣೆಗೊಮ್ಮೆ ಅಳೆಯಲು ಹೋದರೆ ಅಡುಗೆಮನೆಯಲ್ಲಿ ಜಗಳವಾಗುತ್ತದೆ. ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ಬೇಕು ಎಂದು ಕೇಳಿ. 3 ಲೀಟರ್, ನಾಲ್ಕು ಜನ ಎಂದರೆ ತಲೆಗೆ ದಿನಕ್ಕೆ 25 ಮಿ.ಲೀ., ಸುಮಾರು 200 ಕ್ಯಾಲೊರಿ. ಇಷ್ಟು ಅಂದಾಜು ಸಾಕು.

## ಹಂತ 3: ಎಷ್ಟು ಬೇಕು, ಒಂದು ಅಂಕಿಗೆ ಬನ್ನಿ

ತೂಕ ಏರದೆ ಇಳಿಯದೆ ನಿಂತಿರುವವನ ಮೈ ಎಷ್ಟು ಖರ್ಚು ಮಾಡುತ್ತದೋ ಅಷ್ಟನ್ನೇ ಅವನು ತಿನ್ನುತ್ತಿದ್ದಾನೆ. ಆದ್ದರಿಂದ ಮೂರು ದಿನದ ನೋಟ್‌ಬುಕ್ಕೇ ಮೊದಲ ಉತ್ತರ. ನಮ್ಮ ಹುಡುಗನದು ಹೀಗಿತ್ತು: ಬೆಳಿಗ್ಗೆ ಉಪ್ಪಿಟ್ಟು, ಕಾಫಿ ಸೇರಿ 385. ಮಧ್ಯಾಹ್ನ ಅನ್ನ, ಸಾಂಬಾರು, ಪಲ್ಯ, ಮೊಸರು ಸೇರಿ 780. ಸಂಜೆ ಟೀ ಜೊತೆ ನಾಲ್ಕು ಬಿಸ್ಕತ್ತು, 170. ರಾತ್ರಿ ಒಂದು ಮುದ್ದೆ, ಸಾರು, ಸ್ವಲ್ಪ ಅನ್ನ, ಮಜ್ಜಿಗೆ, 690. ಒಟ್ಟು 2,025.

ಇದನ್ನು ಸೂತ್ರದಿಂದ ಒಮ್ಮೆ ತಾಳೆ ನೋಡಿ. ಗಂಡಸರಿಗೆ ಮಿಫ್ಲಿನ್ ಸೂತ್ರ ಹೀಗಿದೆ:

```
(10 × 52) + (6.25 × 172) − (5 × 22) + 5 = 1490
1490 × 1.4 = 2086
```

ಅನುಕ್ರಮವಾಗಿ ತೂಕ, ಎತ್ತರ, ವಯಸ್ಸು. 1,490 ಸುಮ್ಮನೆ ಮಲಗಿದ್ದರೂ ಮೈ ಸುಡುವಷ್ಟು. ಓದು, ಆಫೀಸು ಎಂದು ಕೂತೇ ಇರುವವರು ಅದನ್ನು 1.4ರಿಂದ ಗುಣಿಸಬೇಕು. ದಿನವಿಡೀ ನಿಂತು, ಓಡಾಡಿ ದುಡಿಯುವವರು 1.6ರಿಂದ. ಸೂತ್ರ ಮತ್ತು ನೋಟ್‌ಬುಕ್ ನೂರಿನ್ನೂರರ ಒಳಗೆ ಹೊಂದಿದರೆ ಎರಡನ್ನೂ ನಂಬಬಹುದು. ಐನೂರು ವ್ಯತ್ಯಾಸ ಬಂದರೆ ತೂಗುವುದರಲ್ಲಿ ತಪ್ಪಿದೆ, ಹಂತ 2ಕ್ಕೆ ವಾಪಸ್ಸು ಹೋಗಿ.

ಇವನ ಖರ್ಚು ಸುಮಾರು 2,100 ಎಂದಾಯಿತು. ಅದಕ್ಕೆ 400 ಸೇರಿಸಿ, ಗುರಿ 2,500. ಸಾವಿರ ಸೇರಿಸಿದರೆ ಬೇಗ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮಾಂಸಖಂಡ ಬೆಳೆಯುವ ವೇಗಕ್ಕೆ ಮಿತಿ ಇದೆ, ಅದನ್ನು ಮೀರಿದ್ದೆಲ್ಲ ಹೊಟ್ಟೆಯ ಸುತ್ತ ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಸಿವಿಲ್ಲದವನಿಗೆ ಸಾವಿರ ಕ್ಯಾಲೊರಿ ನಾಲ್ಕು ದಿನಕ್ಕಿಂತ ಹೆಚ್ಚು ತಿನ್ನಲು ಆಗುವುದೇ ಇಲ್ಲ.

## ಹಂತ 4: ಕೊರತೆ ಎಲ್ಲಿದೆ ಎಂದು ನೋಡಿ, ಅದು ಅನ್ನದಲ್ಲಿ ಇರುವುದಿಲ್ಲ

2,500 ಕ್ಯಾಲೊರಿಯನ್ನು ಪ್ರೋಟೀನ್, ಕೊಬ್ಬು, ಪಿಷ್ಟ ಎಂದು ಮೂರು ಪಾಲು ಮಾಡಬೇಕು. ಮ್ಯಾಕ್ರೊ ಎನ್ನುವುದು ಇದಕ್ಕೇ.

ಮೊದಲು ಪ್ರೋಟೀನ್. ವ್ಯಾಯಾಮ ಮಾಡಿ ತೂಕ ಏರಿಸುವವರಿಗೆ ಮೈತೂಕದ ಪ್ರತಿ ಕೆಜಿಗೆ 1.6 ಗ್ರಾಂ ಧಾರಾಳ. 52 ಕೆಜಿಗೆ 83, ಸುಮಾರಾಗಿ 85 ಗ್ರಾಂ. ಆಮೇಲೆ ಕೊಬ್ಬು, ಒಟ್ಟು ಕ್ಯಾಲೊರಿಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, 75 ಗ್ರಾಂ. ಪ್ರೋಟೀನ್ ಗ್ರಾಂಗೆ 4, ಕೊಬ್ಬು ಗ್ರಾಂಗೆ 9 ಕ್ಯಾಲೊರಿ. ಎರಡೂ ಸೇರಿ ಸಾವಿರದ ಸುತ್ತ ಆಯಿತು. ಉಳಿದ 1,480ರಷ್ಟು ಅನ್ನ, ಮುದ್ದೆ, ರವೆ, ಸಕ್ಕರೆಗಳ ಪಿಷ್ಟದಿಂದ, ಅಂದರೆ 370 ಗ್ರಾಂ.

ಈಗ ಇದನ್ನು ಅವನು ತಿನ್ನುತ್ತಿರುವುದರ ಪಕ್ಕ ಇಡಿ.

| | ಈಗ ತಿನ್ನುತ್ತಿರುವುದು | ಬೇಕಾದದ್ದು |
|---|---|---|
| ಪ್ರೋಟೀನ್ | 51 ಗ್ರಾಂ | 85 ಗ್ರಾಂ |
| ಕೊಬ್ಬು | 38 ಗ್ರಾಂ | 75 ಗ್ರಾಂ |
| ಪಿಷ್ಟ | 370 ಗ್ರಾಂ | 370 ಗ್ರಾಂ |

ಪಿಷ್ಟದ ಸಾಲು ನೋಡಿ. ಅಲ್ಲಿ ಕೊರತೆಯೇ ಇಲ್ಲ. ಮನೆಯವರು ಒಂದು ಸೌಟು ಅನ್ನ ಹೆಚ್ಚಿಗೆ ಬಡಿಸಿದಾಗ, ಇದ್ದದ್ದರ ಮೇಲೇ ಮತ್ತಷ್ಟು ಸುರಿದಂತಾಗಿ ಹೊಟ್ಟೆ ಬಿರಿಯಿತೇ ಹೊರತು ಬೇಕಾದದ್ದು ಸಿಗಲಿಲ್ಲ. ಮಧ್ಯಾಹ್ನಕ್ಕೊಂದು ಅನ್ನ, ರಾತ್ರಿಗೊಂದು ಮುದ್ದೆ ಎಂಬ ನಮ್ಮ ಬಹುತೇಕ ಮನೆಗಳಲ್ಲಿ ಲೆಕ್ಕ ಹೀಗೇ ಬರುತ್ತದೆ. ಕರಾವಳಿಯ ಮೀನೂಟದ ಮನೆಯಲ್ಲಿ ಪ್ರೋಟೀನ್ ಸ್ವಲ್ಪ ಮೇಲಿರಬಹುದು, ಬಯಲುಸೀಮೆಯ ಜೋಳದ ರೊಟ್ಟಿ-ಶೇಂಗಾ ಚಟ್ನಿಪುಡಿಯ ಮನೆಯಲ್ಲಿ ಕೊಬ್ಬು ಮೇಲಿರಬಹುದು. ನಿಮ್ಮದನ್ನು ನಿಮ್ಮ ನೋಟ್‌ಬುಕ್ ಹೇಳುತ್ತದೆ.

ರಾಗಿ ಮುದ್ದೆಯ ಬಗ್ಗೆ ಒಂದು ಮಾತು. ತೂಕ ಏರಲಿ ಎಂದು ಎರಡನೇ ಮುದ್ದೆ ನುಂಗುವವರಿದ್ದಾರೆ. ರಾಗಿಯಲ್ಲಿ ನಾರು ಹೆಚ್ಚು, ಹೊಟ್ಟೆ ಹಿಡಿದು ಕೂರುತ್ತದೆ, ಮರುದಿನ ಬೆಳಿಗ್ಗೆಯ ಹಸಿವನ್ನೂ ತಿಂದು ಹಾಕುತ್ತದೆ. ತೂಕ ಇಳಿಸುವವರಿಗೆ ಅದೇ ಗುಣ ವರ. ನಿಮಗೆ ಒಂದೇ ಸಾಕು.

## ಹಂತ 5: ಸೇರಿಸುವುದಕ್ಕೂ ಒಂದು ಕ್ರಮ ಇದೆ

ಎಲ್ಲವನ್ನೂ ಸೋಮವಾರದಿಂದ ಒಟ್ಟಿಗೆ ಶುರು ಮಾಡಬೇಡಿ. ವಾರಕ್ಕೊಂದು ಸೇರಿಸಿ. ಹೊಟ್ಟೆಗೆ ಒಗ್ಗಲು ಸಮಯ ಸಿಗುತ್ತದೆ, ಯಾವುದು ಒಗ್ಗಲಿಲ್ಲ ಎಂಬುದೂ ತಿಳಿಯುತ್ತದೆ.

ಮೊದಲ ವಾರ, ತಟ್ಟೆಯ ಗಾತ್ರ ಬದಲಾಗದಂತೆ. ಮಧ್ಯಾಹ್ನದ ಅನ್ನಕ್ಕೆ ಒಂದು ಚಮಚ, ರಾತ್ರಿಯ ಮುದ್ದೆಗೆ ಒಂದು ಚಮಚ ತುಪ್ಪ. ಎರಡೂ 5 ಮಿ.ಲೀ. ಚಮಚದಲ್ಲೇ ಅಳೆದು. ಇದರಿಂದ 80 ಕ್ಯಾಲೊರಿ, ಹೊಟ್ಟೆಗೆ ಗೊತ್ತೇ ಆಗುವುದಿಲ್ಲ. ಸಂಜೆಯ ನಾಲ್ಕು ಬಿಸ್ಕತ್ತು ತೆಗೆದು ಆ ಜಾಗಕ್ಕೆ 30 ಗ್ರಾಂ ಹುರಿದ ಕಡಲೆಕಾಯಿ ಬೀಜ ಇಡಿ, ಒಂದು ಹಿಡಿಯಷ್ಟು. ಬಿಸ್ಕತ್ತಿನ ಲೆಕ್ಕ ಕಳೆದರೂ 65 ಕ್ಯಾಲೊರಿ, ಐದಾರು ಗ್ರಾಂ ಪ್ರೋಟೀನ್ ಲಾಭ. ಬೀಜ ಆರಿಸುವಾಗ ಕಪ್ಪಾದದ್ದು, ಮುರುಟಿದ್ದು, ಕಹಿಯಾದದ್ದನ್ನು ಎಸೆಯಿರಿ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಪಿತ್ತಜನಕಾಂಗಕ್ಕೆ ಕೇಡು ಮಾಡುವ ವಿಷ ಇರುತ್ತದೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಎರಡನೇ ವಾರ, ಬೆಳಿಗ್ಗೆಗೆ ಪ್ರೋಟೀನ್. ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ ಏನೇ ಇರಲಿ, ಜೊತೆಗೆ ಎರಡು ಬೇಯಿಸಿದ ಮೊಟ್ಟೆ. 145 ಕ್ಯಾಲೊರಿ, ಹನ್ನೆರಡು ಗ್ರಾಂ ಪ್ರೋಟೀನ್. ಹಸಿ ಮೊಟ್ಟೆಯನ್ನು ಹಾಲಿಗೆ ಒಡೆದು ಕುಡಿಯುವ ಪೈಲ್ವಾನ್ ಪದ್ಧತಿ ಬೇಡ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮೈಗೆ ಹತ್ತುತ್ತದೆ, ಹಸಿಯದು ಅರ್ಧಕ್ಕೆ ನಿಲ್ಲುತ್ತದೆ. ಮೇಲೆ ಹೊಟ್ಟೆ ಕೆಡುವ ಅಪಾಯ ಬೇರೆ.

ಮೊಟ್ಟೆ ತಿನ್ನದ ಮನೆಯಾದರೆ 25 ಗ್ರಾಂ ಒಣ ಸೋಯಾ ಚಂಕ್ಸ್ ಸರಿಸಮ. ಬಿಸಿನೀರಲ್ಲಿ ನೆನೆಸಿ, ಹಿಂಡಿ, ಪಲ್ಯಕ್ಕೋ ಸಾಂಬಾರಿಗೋ ಹಾಕಿ, ಎರಡು ಚಮಚ ಎಣ್ಣೆಯಲ್ಲಿ ಒಗ್ಗರಣೆ ಕೊಡಿ. ಸೋಯಾದಲ್ಲಿ ಕೊಬ್ಬಿಲ್ಲದ್ದರಿಂದ ಆ ಎಣ್ಣೆ ಲೆಕ್ಕದ ಭಾಗವೇ. ಸೋಯಾ ರುಚಿ ಹಿಡಿಸದಿದ್ದರೆ ಹುರಿಗಡಲೆ ಇದೆ, 50 ಗ್ರಾಂ ತಿಂದರೆ ಹತ್ತು ಹನ್ನೊಂದು ಗ್ರಾಂ ಪ್ರೋಟೀನ್ ಬರುತ್ತದೆ. ಆದರೆ ಗಾಳಿ ತುಂಬುವವರಿಗೆ ಅದು ಕಷ್ಟ.

ಮೂರನೇ ವಾರ, ಗಟ್ಟಿ ಬೇಳೆ ಮತ್ತು ರಾತ್ರಿಯ ಹಾಲು. ಮಧ್ಯಾಹ್ನ ಸಾಂಬಾರಿಗೆ ಬೇಳೆ ಬೇಯಿಸಿದಾಗ, ಅರೆದ ಮಸಾಲೆ ಬೆರೆಸುವ ಮೊದಲೇ ನಿಮ್ಮ ಪಾಲಿನ ಗಟ್ಟಿ ಬೇಳೆ ಎರಡು ಸೌಟು ಎತ್ತಿಡಲು ಹೇಳಿ. ಉಪ್ಪು, ತುಪ್ಪ ಹಾಕಿ ಮೊದಲ ತುತ್ತುಗಳಲ್ಲೇ ಅನ್ನಕ್ಕೆ ಕಲಸಿ ತಿಂದುಬಿಡಿ. ನಿಮ್ಮ ಪಾಲು 20 ಗ್ರಾಂನಿಂದ 35ಕ್ಕೆ ಏರಬೇಕು. ಅದಕ್ಕಾಗಿ ಕುಕ್ಕರಿಗೆ 15 ಗ್ರಾಂ ಬೇಳೆ ಹೆಚ್ಚು ಬೀಳಬೇಕು, ಇಲ್ಲವಾದರೆ ಮನೆಯವರ ಪಾಲನ್ನು ನೀವು ತಿಂದಂತೆ.

ರಾತ್ರಿ ಮಲಗುವ ಹೊತ್ತಿಗೆ 300 ಮಿ.ಲೀ. ಹಾಲು. 3% ಕೊಬ್ಬಿನ ಸಾಮಾನ್ಯ ಪ್ಯಾಕೆಟ್ ಹಾಲಿನಲ್ಲಿ ಇದು 175 ಕ್ಯಾಲೊರಿ, ಒಂಬತ್ತು ಗ್ರಾಂ ಪ್ರೋಟೀನ್. ಊಟಕ್ಕೆ ಮೊದಲು ಕುಡಿಯಬೇಡಿ, ಊಟವೇ ಅರ್ಧ ನಿಲ್ಲುತ್ತದೆ. ಹಾಲು-ಬಾಳೆಹಣ್ಣಿನವರು ಸೋತದ್ದು ಈ ಹೊತ್ತಿನಿಂದಲೇ. ತಿಂಡಿಗೆ ಮುಂಚೆ ಕುಡಿದು ತಿಂಡಿ ಕಳೆದುಕೊಂಡರು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಗುಡುಗುಡು ಎನ್ನುವವರು ಅಷ್ಟೇ ಹಾಲಿನ ಮೊಸರನ್ನು ಮಧ್ಯಾಹ್ನ, ರಾತ್ರಿ ಹಂಚಿ ತಿನ್ನಲಿ. ಮೊಸರಿನಲ್ಲಿ ಹಾಲಿನ ಸಕ್ಕರೆ ಸ್ವಲ್ಪ ಕಡಿಮೆಯಾಗಿರುವುದರಿಂದ ಬಹಳ ಜನಕ್ಕೆ ಒಗ್ಗುತ್ತದೆ.

ಮೂರು ವಾರದ ಹೊತ್ತಿಗೆ ಸೇರಿದ್ದು ಸುಮಾರು 515 ಕ್ಯಾಲೊರಿ. ನಮ್ಮ ಹುಡುಗ 2,540ಕ್ಕೆ ಬಂದ. ಪ್ರೋಟೀನ್ 81, ಕೊಬ್ಬು 77 ಗ್ರಾಂ. ಗುರಿಯ ಅಂಕಿಗೆ ನಾಲ್ಕು ಗ್ರಾಂ ಹೆಚ್ಚು ಕಡಿಮೆಯಾದರೆ ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಮನೆಯೂಟದ ಅಳತೆಯಲ್ಲಿ ಅಷ್ಟು ಏರುಪೇರು ಇದ್ದದ್ದೇ. ಭಾನುವಾರ ಕೋಳಿ ಸಾರು ಮಾಡಿದ ದಿನ ಮೂಳೆ ಬಿಟ್ಟು 100 ಗ್ರಾಂ ತುಂಡು ತಿಂದರೆ ಮೊಟ್ಟೆ ಬಿಡಬಹುದು.

ಊಟದ ಜೊತೆ ಚೊಂಬುಗಟ್ಟಲೆ ನೀರು ಕುಡಿಯುವ ಅಭ್ಯಾಸ ಇದ್ದರೆ ಅದನ್ನು ಊಟದ ನಂತರಕ್ಕೆ ತಳ್ಳಿ. ಕಾಫಿ, ಟೀ ಕೂಡ ಊಟಕ್ಕೆ ಅಂಟಿಕೊಂಡಿರಬಾರದು. ಅವು ಹಸಿವನ್ನು ತಗ್ಗಿಸುತ್ತವೆ, ಊಟದ ಕಬ್ಬಿಣಾಂಶ ಮೈಗೆ ಹತ್ತುವುದನ್ನೂ ತಡೆಯುತ್ತವೆ. ಒಂದು ಗಂಟೆ ಅಂತರ ಇರಲಿ.

ಇನ್ನು ಭಾನುವಾರದ ಲೆಕ್ಕ. ಆರು ದಿನ ದಿನಕ್ಕೆ 400ರಂತೆ 2,400 ಕೂಡಿಸಿದಿರಿ. ಭಾನುವಾರ ಹತ್ತು ಗಂಟೆಗೆ ಎದ್ದು ತಿಂಡಿ ಬಿಟ್ಟು, ಮಧ್ಯಾಹ್ನ ಕ್ರಿಕೆಟ್ಟಿಗೆ ಹೋಗಿ, ಹಾಲೂ ಮರೆತರೆ ಒಂದೇ ದಿನಕ್ಕೆ ಸಾವಿರದಷ್ಟು ಕೊರತೆ ಬೀಳುತ್ತದೆ. ವಾರದ ಗಳಿಕೆಯಲ್ಲಿ ಹತ್ತಿರ ಹತ್ತಿರ ಅರ್ಧ ಹೋಯಿತು. ಶಿಸ್ತಾಗಿ ತಿಂದರೂ ಏರಲಿಲ್ಲ ಎನ್ನುವವರ ನೋಟ್‌ಬುಕ್ಕಿನಲ್ಲಿ ಭಾನುವಾರದ ಪುಟ ಸಾಮಾನ್ಯವಾಗಿ ಖಾಲಿ ಇರುತ್ತದೆ.

## ಹಂತ 6: ಭಾರ ಎತ್ತಿ, ಇಲ್ಲದಿದ್ದರೆ ಹೊಟ್ಟೆಯೇ ಬೆಳೆಯುತ್ತದೆ

ಹೆಚ್ಚುವರಿ ಕ್ಯಾಲೊರಿ ಎಲ್ಲಿ ಸೇರಬೇಕು ಎಂಬುದನ್ನು ವ್ಯಾಯಾಮ ನಿರ್ಧರಿಸುತ್ತದೆ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ, ಮುಕ್ಕಾಲು ಗಂಟೆ ಸಾಕು. ಜಿಮ್ಮು ಕಡ್ಡಾಯವಲ್ಲ. ಪುಸ್ತಕ ತುಂಬಿದ ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಬಸ್ಕಿ, ದಂಡ, ಅದೇ ಬ್ಯಾಗನ್ನು ಬಗ್ಗಿ ಎದೆಯ ಕಡೆಗೆ ಎಳೆಯುವುದು, ಸಿಕ್ಕರೆ ಕಂಬಿಗೆ ಜೋತು ಮೈ ಎತ್ತುವುದು. ಪ್ರತಿಯೊಂದೂ ಮೂರು ಸುತ್ತು, ಸುತ್ತಿಗೆ ಎಂಟರಿಂದ ಹದಿನೈದು. ಹದಿನೈದು ಸಲೀಸಾಗಿ ಆಗಲು ಶುರುವಾದರೆ ಬ್ಯಾಗಿಗೆ ಇನ್ನೊಂದು ಪುಸ್ತಕ ಸೇರಿಸಬೇಕು. ಭಾರ ಏರದಿದ್ದರೆ ಮಾಂಸಖಂಡಕ್ಕೆ ಬೆಳೆಯುವ ಕಾರಣವೇ ಇರುವುದಿಲ್ಲ.

ಸಂಜೆ ಫುಟ್‌ಬಾಲ್, ಕಬಡ್ಡಿ ಆಡುವವರು ಆಟ ಬಿಡಬೇಕಾಗಿಲ್ಲ. ಆಡಿದ ದಿನ ಎರಡು ದೊಡ್ಡ ಪಚ್ಚಬಾಳೆಹಣ್ಣು ಹೆಚ್ಚಿಗೆ ತಿನ್ನಿ. ಬಾಳೆಹಣ್ಣಿಗೆ ಸರಿಯಾದ ಜಾಗ ಇದು.

## ಹಂತ 7: ತೂಕ ನೋಡುವ ರೀತಿ, ಬದಲಿಸುವ ನಿಯಮ

ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ತೆಳು ಬಟ್ಟೆಯಲ್ಲಿ ದಿನಾ ತೂಕ ಬರೆಯಿರಿ. ಆದರೆ ದಿನದ ಅಂಕಿಯನ್ನು ನಂಬಬೇಡಿ. ಹಿಂದಿನ ರಾತ್ರಿ ಉಪ್ಪಿನಕಾಯಿ ಜಾಸ್ತಿ ತಿಂದರೂ ಅರ್ಧ ಕೆಜಿ ನೀರು ನಿಂತು ಏರಿದಂತೆ ಕಾಣುತ್ತದೆ. ಏಳು ದಿನದ ಸರಾಸರಿ ತೆಗೆದು, ಒಂದು ವಾರದ ಸರಾಸರಿಯನ್ನು ಮುಂದಿನ ವಾರದ್ದರ ಜೊತೆ ಹೋಲಿಸಿ.

ನಮ್ಮ ಹುಡುಗನ ಸರಾಸರಿ ಹೀಗೆ ಸಾಗಬಹುದು: 52.1, 52.6, 52.7, 53.0. ಎರಡನೇ ವಾರ ಅರ್ಧ ಕೆಜಿ ಜಿಗಿದದ್ದರಲ್ಲಿ ಬಹುಪಾಲು ನೀರು ಮತ್ತು ಕರುಳಿನಲ್ಲಿರುವ ಆಹಾರ, ಅದಕ್ಕೆ ಹಿಗ್ಗಬೇಡಿ. ಮೂರನೇ ವಾರ ನೂರೇ ಗ್ರಾಂ ಎಂದು ಕುಗ್ಗಬೇಕಾಗಿಯೂ ಇಲ್ಲ. ಸೇರಿಸುವುದೆಲ್ಲ ಮುಗಿದ ಮೇಲೆ ವಾರಕ್ಕೆ 250ರಿಂದ 350 ಗ್ರಾಂ ಏರಿಕೆ ಸರಿಯಾದ ವೇಗ. ಆ ಲೆಕ್ಕದಲ್ಲಿ 60 ಕೆಜಿಗೆ ಆರೇಳು ತಿಂಗಳು.

ಸತತ ಎರಡು ವಾರ 150 ಗ್ರಾಂಗಿಂತ ಕಡಿಮೆ ಏರಿದರೆ ದಿನಕ್ಕೆ 150 ಕ್ಯಾಲೊರಿ ಸೇರಿಸಿ. ಸುಲಭದ ದಾರಿ ಎಂದರೆ ರಾತ್ರಿಯ ಹಾಲನ್ನು 6% ಕೊಬ್ಬಿನ ಗಟ್ಟಿ ಹಾಲಿಗೆ ಬದಲಿಸಿ, ಮಧ್ಯಾಹ್ನ ಅನ್ನಕ್ಕೆ ಒಂದು ದೊಡ್ಡ ಚಮಚ ಶೇಂಗಾ ಚಟ್ನಿಪುಡಿ ಹಾಕಿಕೊಳ್ಳುವುದು. ಹೊಟ್ಟೆಯ ಮೇಲೆ ಹೊರೆ ಬೀಳುವುದಿಲ್ಲ. ವಾರಕ್ಕೆ ಅರ್ಧ ಕೆಜಿ ದಾಟಿ ಏರುತ್ತಲೇ ಇದ್ದರೆ ತುಪ್ಪದ ಎರಡು ಚಮಚ ನಿಲ್ಲಿಸಿ.

ಹದಿನೈದು ದಿನಕ್ಕೊಮ್ಮೆ ಹೊಕ್ಕುಳಿನ ಮಟ್ಟಕ್ಕೆ ಟೇಪು ಸುತ್ತಿ ಸೊಂಟ ಅಳೆಯಿರಿ, ಉಸಿರು ಹೊರಬಿಟ್ಟು, ಹೊಟ್ಟೆ ಒಳಗೆಳೆಯದೆ. ತೂಕ ಏರುತ್ತಿದೆ, ಬ್ಯಾಗಿನ ಭಾರವೂ ಏರುತ್ತಿದೆ, ಸೊಂಟ ಮಾತ್ರ ನಿಧಾನ ಎಂದರೆ ದಾರಿ ಸರಿ ಇದೆ. ಬ್ಯಾಗು ಅಷ್ಟಕ್ಕೇ ನಿಂತು ಸೊಂಟವೊಂದೇ ಓಡುತ್ತಿದ್ದರೆ ಊಟ ಹೆಚ್ಚಿಸಬೇಡಿ, ಹಂತ 6ಕ್ಕೆ ಹೋಗಿ.

ಮೂರು ತಿಂಗಳು ಲೆಕ್ಕ ಹಿಡಿದು ತಿಂದು, ಎರಡು ಸಲ ಹೆಚ್ಚಿಸಿದ ಮೇಲೂ ಸರಾಸರಿ ಅಲುಗದಿದ್ದರೆ, ಅಥವಾ ತಿನ್ನುತ್ತಿದ್ದರೂ ಇಳಿಯುತ್ತಿದ್ದರೆ, ಮತ್ತೆ ಡಾಕ್ಟರ ಬಳಿಗೆ. ನೋಟ್‌ಬುಕ್ ಜೊತೆಯಲ್ಲಿ ಒಯ್ಯಿರಿ. "ಚೆನ್ನಾಗಿ ತಿಂತೀನಿ" ಎಂಬ ಮಾತಿಗಿಂತ ಆ ಪುಟಗಳು ಅವರಿಗೆ ಹೆಚ್ಚು ಹೇಳುತ್ತವೆ.

## ಹಂತ 8: ಡಬ್ಬಿಯ ಪುಡಿಗಳಿಂದ ದೂರ, 56 ಕೆಜಿಗೆ ಮರು ಲೆಕ್ಕ

ಎರಡನೇ ತಿಂಗಳಲ್ಲಿ ತಾಳ್ಮೆ ತಪ್ಪಿದಾಗ ಯಾರೋ ಒಬ್ಬರು ಒಂದು ಡಬ್ಬಿ ತೋರಿಸುತ್ತಾರೆ. "ಹದಿನೈದು ದಿನಕ್ಕೆ ಐದು ಕೆಜಿ ಗ್ಯಾರಂಟಿ" ಎಂಬ ಪುಡಿ, ಲೇಬಲ್ಲಿನಲ್ಲಿ ಗಿಡಮೂಲಿಕೆಯ ಚಿತ್ರ. ಇಂಥ ಕೆಲವು ಪುಡಿ, ಗುಳಿಗೆಗಳಿಗೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಇನ್ನು ಕೆಲವಕ್ಕೆ ಹಸಿವು ಹೆಚ್ಚಿಸುವ ಸೈಪ್ರೊಹೆಪ್ಟಡಿನ್ ಎಂಬ ಅಲರ್ಜಿ ಔಷಧ. ಗುರುತು ಹಿಡಿಯುವುದು ಕಷ್ಟವಲ್ಲ: ಕೆಲವೇ ದಿನದಲ್ಲಿ ಕೆನ್ನೆ ಊದಿಕೊಂಡು ಮುಖ ದುಂಡಗಾಗುತ್ತದೆ, ಕೈಕಾಲು ಹಾಗೇ ಸಣ್ಣಗಿರುತ್ತವೆ, ಮೊಡವೆ ಏಳುತ್ತವೆ, ಅಥವಾ ಹಗಲೆಲ್ಲ ತೂಕಡಿಕೆ. ಈಗಾಗಲೇ ವಾರಗಟ್ಟಲೆ ತಿಂದಿದ್ದರೆ ಹೆದರಿ ಒಂದೇ ದಿನಕ್ಕೆ ನಿಲ್ಲಿಸಲೂಬೇಡಿ. ಸ್ಟೀರಾಯ್ಡ್ ಇದ್ದರೆ ಥಟ್ಟನೆ ಬಿಡುವುದು ಅಪಾಯ. ಡಬ್ಬಿ ಸಮೇತ ತಡಮಾಡದೆ ಡಾಕ್ಟರಿಗೆ ತೋರಿಸಿ.

ತೂಕ ಸರಿಯಾಗಿ ಏರುತ್ತಾ ಬಂದವರಿಗೆ ಮೂರು ನಾಲ್ಕು ತಿಂಗಳ ನಂತರ ಒಂದು ಕಡೆ ಏರಿಕೆ ತಾನಾಗೇ ನಿಧಾನವಾಗುತ್ತದೆ. ಇದರಲ್ಲಿ ಗಾಬರಿ ಏನಿಲ್ಲ. 56 ಕೆಜಿಯ ಮೈ 52ರ ಮೈಗಿಂತ ಹೆಚ್ಚು ಸುಡುತ್ತದೆ, ವಾರಕ್ಕೆ ಮೂರು ದಿನದ ವ್ಯಾಯಾಮವೂ ಸೇರಿ ಖರ್ಚು 2,200-2,300ಕ್ಕೆ ಬಂದಿರುತ್ತದೆ. ಮೊದಲಿನ 2,500ರಲ್ಲಿ ಈಗ ಉಳಿಯುವುದು ಇನ್ನೂರು ಮುನ್ನೂರು ಮಾತ್ರ. ಪ್ರತಿ ನಾಲ್ಕು ಕೆಜಿಗೆ ಒಮ್ಮೆ ಹಂತ 3ರ ಲೆಕ್ಕ ಮತ್ತೆ ಹಾಕಿ. ಈ ಸಲ ಗುರಿ 2,700ರ ಹತ್ತಿರ, ಪ್ರೋಟೀನ್ 90 ಗ್ರಾಂ. ಹೆಚ್ಚಾಗಬೇಕಾದ ಇನ್ನೂರನ್ನು ಎಲ್ಲಿಂದ ತರುವುದು ಎಂದು ಯೋಚಿಸುವ ಮೊದಲು ಮತ್ತೆ ಮೂರು ದಿನ ತೂಗಿ ಬರೆಯಿರಿ. ಅಷ್ಟರಲ್ಲಿ ಹಸಿವು ಹೆಚ್ಚಿರುತ್ತದೆ, ಅನ್ನ ತಾನಾಗಿಯೇ 30-40 ಗ್ರಾಂ ಅಕ್ಕಿಯಷ್ಟು ಏರಿರುವ ಸಾಧ್ಯತೆ ಇದೆ. ಈಗ ಅದನ್ನು ಹಾಗೇ ಬಿಡಿ.